ಕೈಪಿಡಿಯಲ್ಲಿ ಇಲ್ಲದ ಪ್ರಶ್ನೆ

ನಮ್ಮ ಆಫೀಸಿನಲ್ಲಿ ಅವರಿಗೆ ಪುಟ ಸಾರ್ ಅಂತ ಹೆಸರು ಇಟ್ಟವಳು ನಾನೇ. ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು ಪುಟದ ಸಂಖ್ಯೆ. ಫೋನಿನಲ್ಲಿ ಗ್ರಾಹಕರು ಕಾಯುತ್ತಿದ್ದಾಗ ನಾನು ರಿಸೀವರ್ ಮುಚ್ಚಿಕೊಂಡು, "ಸಾರ್, ಬ್ಯಾಟರಿ ಎಷ್ಟು ಗಂಟೆ ಚಾರ್ಜ್ ಮಾಡ್ಬೇಕು?" ಅಂದರೆ, ಅವರು ಕನ್ನಡಕವನ್ನು ಹಣೆಗೆ ಏರಿಸಿ, "ಪುಟ ಐವತ್ತೆರಡು ನೋಡಿ. ಅದಕ್ಕೂ ಮೊದಲು ಪುಟ ಒಂಬತ್ತು ಓದಿದ್ರೆ ಒಳ್ಳೇದು" ಅನ್ನುತ್ತಿದ್ದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅತ್ತ ಕತ್ತಲೂ ಅಲ್ಲ, ಇತ್ತ ಬೆಳಕೂ ಅಲ್ಲ.

ನಮ್ಮ ಕಂಪನಿ ಮಾಡುವುದು ಎತ್ತುವ ಮಷೀನು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಸಾಗಿಸುವಂಥದ್ದು. ನಾಲ್ಕು ಪುಟ್ಟ ಚಕ್ರ, ಒಂದು ಕಂಬ, ಕಂಬದಿಂದ ಚಾಚಿದ ತೋಳು, ತೋಳಿಗೆ ಸಿಕ್ಕಿಸುವ ಬಟ್ಟೆಯ ಜೋಲಿ. ಮನುಷ್ಯ ಜೋಲಿಯಲ್ಲಿ ಕೂತಿರುತ್ತಾನೆ, ರಿಮೋಟ್ ಒತ್ತಿದರೆ ತೋಳು ಮೇಲೇಳುತ್ತದೆ. ಈ ಮಷೀನಿನ ಜೊತೆ ಕೊಡುವ ನೂರ ನಲವತ್ತೆಂಟು ಪುಟದ ಕೈಪಿಡಿಯನ್ನು ಬರೆದವರು ಪುಟ ಸಾರ್. ಒಂಬತ್ತು ವರ್ಷದಲ್ಲಿ ಹನ್ನೊಂದು ಸಲ ತಿದ್ದಿದ್ದರು. ಮೂವತ್ತೊಂದನೇ ಪುಟದ ಫೋಟೋದಲ್ಲಿ ಇಬ್ಬರು ಸೇರಿ ಒಬ್ಬರನ್ನು ಎತ್ತುತ್ತಿದ್ದಾರೆ. ಅದರಲ್ಲಿ ಜೋಲಿಯನ್ನು ಹಿಡಿದ, ಹಳೇ ಗಡಿಯಾರ ಕಟ್ಟಿದ ಕೈ ಅವರದ್ದೇ.

ನಾನು ಕಸ್ಟಮರ್ ಕೇರ್. ದಿನಕ್ಕೆ ಎಪ್ಪತ್ತು ಎಂಬತ್ತು ಜನರ ಜೊತೆ ಮಾತಾಡಿ, ಮನೆಗೆ ಹೋದ ಮೇಲೆ ಒಂದು ಮಾತೂ ಆಡದೆ ಮಲಗುವ ಹೆಂಗಸು. ನನ್ನ ಮೇಜಿಗೂ ಅವರ ಮೇಜಿಗೂ ನಡುವೆ ಒಂದು ಬೀರು. ಅವರು ದಿನಾ ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಬಂದು, ಮಧ್ಯಾಹ್ನ ಡಬ್ಬಿಯ ಊಟವನ್ನು ಒಬ್ಬರೇ ಕಿಟಕಿ ಕಡೆ ತಿರುಗಿ ಕೂತು ಉಣ್ಣುತ್ತಿದ್ದರು. ಒಂಬತ್ತೂವರೆಗೆ ಬರಬೇಕಾದವರಿಗೆ ವರ್ಷಗಟ್ಟಲೆ ಲೇಟ್ ಮಾರ್ಕ್ ಬಿದ್ದಿತ್ತು. ಕೇಳಿದರೆ ಬಸ್ಸಿನ ಮೇಲೆ ಹಾಕುತ್ತಿದ್ದರು. ಎರಡು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡಾಗ ನಾವೆಲ್ಲ ಹೋಗಿ ಕೈಮುಗಿದು ಬಂದಿದ್ದೆವು. ಅದಾದ ಮೇಲೆ ಅವರು ಒಂಬತ್ತು ಗಂಟೆಗೇ ಬರತೊಡಗಿದರು. ಇಷ್ಟು ಕಣ್ಣಿಗೆ ಕಂಡರೂ ನನಗೆ ಏನೂ ಹೊಳೆಯಲಿಲ್ಲ ಅಂದರೆ, ನನ್ನ ಬುದ್ಧಿಗೆ ಏನು ಹೇಳೋಣ.

ಒಂದು ದಿನ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದು ಕೂರಿಸಿದರು. ಕೈಪಿಡಿಯನ್ನು ಯಾರೂ ಓದುವುದಿಲ್ಲ, ಓದದೆ ಫೋನ್ ಮಾಡುತ್ತಾರೆ, ಫೋನ್ ಎತ್ತುವವರು ಮೂರೇ ಜನ. ಆದ್ದರಿಂದ ವೆಬ್‌ಸೈಟಿನಲ್ಲಿ ಒಂದು ಪುಟ ಬೇಕು. ಪದೇಪದೇ ಕೇಳುವ ಪ್ರಶ್ನೆಗಳು, ಮೂವತ್ತು. ಒಂದೊಂದು ಉತ್ತರ ನಲವತ್ತು ಪದ ಮೀರಬಾರದು. ಮೊದಲ ಪದದಲ್ಲೇ ಉತ್ತರ ಸಿಗಬೇಕು.

"ನೂರ ನಲವತ್ತೆಂಟು ಪುಟವನ್ನ ಒಂದು ಪುಟಕ್ಕೆ?" ಅಂದರು ಪುಟ ಸಾರ್.

"ಜನಕ್ಕೆ ಬೇಕಾದ್ದು ಅಷ್ಟೇ ರೀ."

ಹೊರಗೆ ಬಂದ ಮೇಲೆ ಅವರು ಕೈಪಿಡಿಯನ್ನು ಮೇಜಿನ ಮೇಲಿಟ್ಟು ಅದರ ಬೆನ್ನು ಸವರಿದರು. ನನಗೆ ನಗು ಬಂತು. ಆದರೆ ಬೇಕಾದ್ದೆಲ್ಲ ನನ್ನ ಹತ್ತಿರವೇ ಇತ್ತು. ಆರು ತಿಂಗಳ ಕರೆಗಳ ಪಟ್ಟಿ, ಯಾರು ಏನು ಕೇಳಿದರು ಅನ್ನುವುದು ಅವರವರ ಮಾತಿನಲ್ಲೇ. ಪ್ರಶ್ನೆಗಳನ್ನು ಕೈಪಿಡಿಯ ಶೀರ್ಷಿಕೆಯಿಂದ ತೆಗೆಯಬೇಡಿ, ಜನರ ಬಾಯಿಂದ ತೆಗೆಯಿರಿ ಅಂತ ನಾನು ಹಟ ಹಿಡಿದೆ. "ವಿದ್ಯುತ್ ಪೂರಣ ವೈಫಲ್ಯ ಅಂತ ಯಾರಾದ್ರೂ ಹುಡುಕ್ತಾರಾ ಸಾರ್? ಚಾರ್ಜ್ ಯಾಕೆ ಆಗ್ತಿಲ್ಲ ಅಂತ ಹುಡುಕ್ತಾರೆ."

ಅವರು ಮೊದಲು ಮುಖ ಗಂಟು ಹಾಕಿದರು, ಆಮೇಲೆ ದಾರಿಗೆ ಬಂದರು. ಚಾರ್ಜ್ ಆಗದಿರುವುದಕ್ಕೆ ಕೈಪಿಡಿಯಲ್ಲಿ ಎರಡು ಪುಟ ಇತ್ತು. ನನ್ನ ಪಟ್ಟಿ ನೋಡಿದರೆ ಹತ್ತರಲ್ಲಿ ಏಳು ಸಲ ಕಾರಣ ಒಂದೇ. ಮಷೀನಿನ ಮೇಲಿನ ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಕೆಲಸ ಮುಗಿದ ಮೇಲೆ ಜಾಗ್ರತೆಗೆ ಅಂತ ಒತ್ತಿಡುತ್ತಾರೆ, ಅದು ಒತ್ತಿದ್ದರೆ ಚಾರ್ಜ್ ಒಳಗೆ ಹೋಗುವುದಿಲ್ಲ. ಅವರು ಬರೆದರು: "ಕೆಂಪು ಗುಂಡಿ ಒತ್ತಿದೆಯೇ ನೋಡಿ. ಒತ್ತಿದ್ದರೆ ಬಾಣದ ಕಡೆ ತಿರುಗಿಸಿ, ತಾನೇ ಮೇಲೆ ಬರುತ್ತದೆ. ಈಗ ಚಾರ್ಜಿಗೆ ಹಾಕಿ." ಹದಿನಾಲ್ಕು ಪದ. ಬೆರಳು ಮಡಚಿ ಎಣಿಸಿ, ಪರೀಕ್ಷೆಯಲ್ಲಿ ಪಾಸಾದವರ ಹಾಗೆ ನನ್ನ ಕಡೆ ನೋಡಿದರು.

"ಎತ್ತುವಾಗ ಚಕ್ರಕ್ಕೆ ಬ್ರೇಕ್ ಹಾಕಬೇಕೇ?" ಅನ್ನುವುದಕ್ಕೆ ಬರೆದದ್ದು ಇನ್ನೂ ಚೆನ್ನಾಗಿತ್ತು. "ಬೇಡ. ಭಾರಕ್ಕೆ ತಕ್ಕ ಹಾಗೆ ಮಷೀನು ತುಸು ಸರಿದು ನಿಲ್ಲಬೇಕು. ಬ್ರೇಕ್ ಹಾಕಿದರೆ ವಾಲಬಹುದು." ಆ ಬೇಡ ಅನ್ನುವ ಪದವನ್ನು ಅವರು ಎರಡು ಸಲ ಗಟ್ಟಿಯಾಗಿ ಓದಿದರು. ಒಂಬತ್ತು ವರ್ಷದಲ್ಲಿ ಒಂದು ಸಲವೂ ನೇರವಾಗಿ ಬೇಡ ಅಂದಿರಲಿಲ್ಲವಂತೆ.

ಅಡ್ಡಿಯಾಗಿದ್ದದ್ದು ಒಂದೇ. ಹಳೇ ಬರವಣಿಗೆಯಲ್ಲಿ ಹೆಜ್ಜೆ ಹೆಜ್ಜೆಗೂ "ಪುಟ 9 ನೋಡಿ", "ಪುಟ 40ರ ಸೂಚನೆ ಪಾಲಿಸಿ". ಹೊಸ ಪುಟದಲ್ಲಿ ಒಂಬತ್ತೂ ಇಲ್ಲ, ನಲವತ್ತೂ ಇಲ್ಲ. "ಎಲ್ಲಾ ಕಿತ್ತು ಬಿಸಾಕಿ ಸಾರ್" ಅಂದವಳು ನಾನು. ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಅಳಿಸಿದವಳೂ ನಾನೇ. ಎಂಬತ್ತಮೂರು ಸಾಲು. ಒಂದೊಂದು ಹೋದಾಗಲೂ "ಪುಟ ಸಾರ್ ಔಟ್" ಅಂತ ಕೂಗುತ್ತಿದ್ದೆ. ಅವರು ಅಪರೂಪಕ್ಕೆ ಹಲ್ಲು ಕಾಣುವ ಹಾಗೆ ನಕ್ಕರು.

ಇಪ್ಪತ್ತೊಂಬತ್ತು ಆದವು, ಒಂದು ಬಾಕಿ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದಿದ್ದ ಮಾತು ಅದು. ಆದರೆ ಯಾವ ಅಧ್ಯಾಯಕ್ಕೂ ಸೇರುವುದಿಲ್ಲ ಅಂತ "ಇತರೆ" ಅನ್ನುವ ಕಂತೆಗೆ ಹಾಕಿದ್ದೆ. ಅರವತ್ತೊಂದು ಕರೆ. ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದರೂ ತಿರುಳು ಒಂದೇ. "ಮನೇಲಿ ನಾನೊಬ್ಬಳೇ ಇದ್ದೀನಿ. ಹೇಗೆ ಎತ್ತಲಿ?"

ಪುಟ ಸಾರ್ ಅದಿದ್ದ ಕಾಗದ ಓದಿ ಮಡಚಿಟ್ಟರು. "ಇದಕ್ಕೆ ಪುಟ ಇಲ್ಲ."

"ಇಲ್ಲದಿದ್ರೆ ಬರೀರಿ."

"ಇಬ್ಬರು ಬೇಕು ಅಂತ ಎಲ್ಲಾ ಕಡೆ ಇದೆ. ಇಬ್ಬರು ಅಂದ್ರೆ ಇಬ್ಬರು."

"ಅರವತ್ತೊಂದು ಜನ ಸಾರ್. ಅವರೆಲ್ಲ ಎರಡನೆಯವರನ್ನ ಅಂಗಡಿಯಿಂದ ತರ್ತಾರಾ?"

"ಬೇಡ ಅಂದೆನಲ್ಲ!" ಅಂತ ಅವರು ದನಿ ಎತ್ತಿದರು. ಇಡೀ ಮಹಡಿ ತಿರುಗಿ ನೋಡಿತು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೂ ಮೂಗಿನ ತುದಿಯಲ್ಲೇ ಕೋಪ. ಮಾತು ಬಿಟ್ಟೆ. ಮೂವತ್ತನೆಯದರ ಜಾಗಕ್ಕೆ ಜೋಲಿಯನ್ನು ಒಗೆಯುವುದು ಹೇಗೆ ಅನ್ನುವ ಪ್ರಶ್ನೆ ಬಂತು. ಪುಟ ವೆಬ್‌ಸೈಟಿಗೆ ಏರಿತು. ಮ್ಯಾನೇಜರ್ ಬೆನ್ನು ತಟ್ಟಿದರು.

ಹನ್ನೆರಡನೆಯ ದಿನ, ಮಧ್ಯಾಹ್ನ, ಒಬ್ಬ ಹೆಂಗಸಿನ ಕರೆ ಬಂತು. ವಯಸ್ಸಾದ ದನಿ, ಗದರಿಕೆ ಇಲ್ಲ. ಹಿಂದಿನ ದಿನ ಬೆಳಿಗ್ಗೆ ಗಂಡನನ್ನು ಹಾಸಿಗೆಯಿಂದ ಎತ್ತಿ ಕುರ್ಚಿಯ ಕಡೆ ತಳ್ಳುತ್ತಿದ್ದಾಗ ಮಷೀನು ನಿಂತುಹೋಯಿತಂತೆ. ಎರಡು ದಿನದಿಂದ ಅದು ಬ್ಯಾಟರಿ ಕಡಿಮೆ ಅಂತ ಕೂಗುತ್ತಿತ್ತು, ಚಾರ್ಜಿಗೆ ಹಾಕಿಯೇ ಇದ್ದೆ ಅಂದರು. ಕೆಂಪು ಗುಂಡಿ ಒತ್ತಿಟ್ಟಿದ್ದರು ಅಂತ ನನಗೆ ತಕ್ಷಣ ಗೊತ್ತಾಯಿತು. ಬ್ಯಾಟರಿ ಪೂರ್ತಿ ಖಾಲಿ, ಗಂಡ ಜೋಲಿಯಲ್ಲಿ, ಹಾಸಿಗೆಗೂ ಕುರ್ಚಿಗೂ ನಡುವೆ. ಆಕೆ ಒಂದು ಕೈಯಲ್ಲಿ ಗಂಡನ ಭುಜ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು ನಮ್ಮ ಪುಟ ತೆರೆದಿದ್ದರು. "ಎತ್ತಿದಾಗ ಮಷೀನು ಮಧ್ಯದಲ್ಲೇ ನಿಂತರೆ?" ಉತ್ತರ: "ಕೆಂಪು ಗುಂಡಿ ನೋಡಿ. ರಿಮೋಟ್ ಕೆಲಸ ಮಾಡದಿದ್ದರೆ ಕಂಬದ ಪಕ್ಕದ ಕೆಂಪು ಉಂಗುರವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ವ್ಯಕ್ತಿ ನಿಧಾನವಾಗಿ ಕೆಳಗಿಳಿಯುತ್ತಾರೆ."

ಆಕೆ ಉಂಗುರ ಎಳೆದರು. ವ್ಯಕ್ತಿ ನಿಧಾನವಾಗಿ ಕೆಳಗಿಳಿದರು. ಕೆಳಗೆ ಹಾಸಿಗೆಯೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ, ನೆಲ ಇತ್ತು. ನೆಲದಿಂದ ಮತ್ತೆ ಎತ್ತಲು ಬ್ಯಾಟರಿ ಇಲ್ಲ. ತಲೆಗೆ ದಿಂಬು ಕೊಟ್ಟು, ಹೊದಿಕೆ ಹೊದೆಸಿ, ಪಕ್ಕದ ಮನೆಯವರು ಕೆಲಸದಿಂದ ಮಧ್ಯಾಹ್ನ ಊಟಕ್ಕೆ ಬರುವ ತನಕ ನಾಲ್ಕು ಗಂಟೆ ಆಕೆಯೂ ನೆಲದ ಮೇಲೇ ಕೂತಿದ್ದರು.

"ಅವರಿಗೇನೂ ಪೆಟ್ಟಾಗಿಲ್ಲಮ್ಮ" ಅಂದರು. "ನಿಮ್ಮ ಪುಟದಲ್ಲಿ ಚಿಕ್ಕದಾಗಿ ಚೊಕ್ಕವಾಗಿ ಬರೆದಿತ್ತು. ಆದ್ರೆ ಮೊದಲು ಕೆಳಗೆ ಏನಾದ್ರೂ ಇಡ್ಬೇಕು ಅಂತ ಇರ್ಲಿಲ್ಲ. ಗಾಬರೀಲಿ ನನಗೂ ಹೊಳೀಲಿಲ್ಲ. ಮುಂದೆ ಓದೋರಿಗೆ ಆಗ್ಲಿ ಅಂತ ಹೇಳ್ದೆ."

ಕೈಪಿಡಿಯಲ್ಲಿ ಅದು ಇತ್ತು. ಒಂಬತ್ತನೇ ಪುಟದಲ್ಲಿ, ಬೂದು ಬಣ್ಣದ ಚೌಕದೊಳಗೆ: ಯಾವ ರೀತಿಯಲ್ಲಿ ಇಳಿಸುವುದಾದರೂ ಮೊದಲು ಕೆಳಗೆ ಹಾಸಿಗೆ ಅಥವಾ ಕುರ್ಚಿ ತನ್ನಿ. ಎಪ್ಪತ್ತೆರಡನೇ ಪುಟದ ಉಂಗುರದ ವಿಷಯದಲ್ಲಿ "ಪುಟ 9 ನೋಡಿ" ಅಂತಷ್ಟೇ ಇತ್ತು. ಆ ಸಾಲನ್ನು "ಪುಟ ಸಾರ್ ಔಟ್" ಅಂತ ಕೂಗಿ ಅಳಿಸಿದವಳು ನಾನು. ಪುಸ್ತಕ ಓದುವವನು ಒಂಬತ್ತನ್ನು ದಾಟಿ ಎಪ್ಪತ್ತೆರಡಕ್ಕೆ ಬರುತ್ತಾನೆ. ಮೊಬೈಲಿನಲ್ಲಿ ಹುಡುಕುವವಳು ನೇರವಾಗಿ ಎಪ್ಪತ್ತೆರಡಕ್ಕೇ ಬಂದು ಬೀಳುತ್ತಾಳೆ. ಈ ಕೆಲಸದಲ್ಲಿ ಇದ್ದೂ ನಮ್ಮಿಬ್ಬರಿಗೂ ಇಷ್ಟು ತಿಳಿಯಲಿಲ್ಲ.

ಕರೆಯ ರೆಕಾರ್ಡಿಂಗನ್ನು ಪುಟ ಸಾರ್ ಎರಡು ಸಲ ಕೇಳಿದರು. ಹೆಡ್‌ಸೆಟ್ ತೆಗೆದು, "ನಾಲ್ಕು ಗಂಟೆ" ಅಂದರು. ಹತ್ತು ನಿಮಿಷದಲ್ಲಿ ಆ ಉತ್ತರದ ಮೊದಲ ಸಾಲು ಬದಲಾಯಿತು: "ಮೊದಲು ಕೆಳಗೆ ಹಾಸಿಗೆ ಅಥವಾ ಕುರ್ಚಿ ಬರುವಂತೆ ಮಾಡಿ." ಆಮೇಲೆ ಅವರು ಚೀಲ ಹೆಗಲಿಗೆ ಹಾಕಿಕೊಂಡು ಆ ಮನೆಗೆ ಹೊರಟರು. ನಾನೂ ಹೊರಟೆ. ತಪ್ಪಿನಲ್ಲಿ ಅರ್ಧ ನನ್ನದು.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಹಾಸಿಗೆ, ಮಷೀನು, ಕುರ್ಚಿ ಸೇರಿ ಒಂದು ಕೋಣೆ ತುಂಬಿಹೋಗಿತ್ತು. ಗಂಡ ಕೊರಳವರೆಗೆ ಹೊದ್ದು ಮಲಗಿದ್ದವರು ನಮ್ಮನ್ನು ಕಂಡು, "ನೆಲ ತಣ್ಣಗಿತ್ತು, ಚೆನ್ನಾಗಿತ್ತು" ಅಂತ ತೊದಲಿ ನಕ್ಕರು. ಆಕೆ ನಾಚಿದರು. ಪುಟ ಸಾರ್ ಕೆಂಪು ಗುಂಡಿ ತಿರುಗಿಸಿದರು, ಚಾರ್ಜಿನ ದೀಪ ಹತ್ತಿತು.

ಬ್ಯಾಟರಿ ಒಂದಷ್ಟು ತುಂಬಿದ ಮೇಲೆ, "ನೀವು ದಿನಾ ಹೇಗೆ ಎತ್ತುತ್ತೀರಿ ತೋರಿಸಿ" ಅಂದರು. ಆಕೆ ತೋರಿಸಿದರು. ರಿಮೋಟನ್ನು ಬಲಗೈಯಲ್ಲಿ ಹಿಡಿದರೆ ಗಂಡನನ್ನು ಹಿಡಿಯಲು ಎಡಗೈ ಒಂದೇ ಉಳಿಯುತ್ತಿತ್ತು, ಕಾಲುಗಳು ಕಂಬಕ್ಕೆ ತಾಗುತ್ತಿದ್ದವು. ಪುಟ ಸಾರ್ ಮುಂದೆ ಬಂದರು. ಕುರ್ಚಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಆಕೆಯ ಹಳೇ ದುಪಟ್ಟಾ ಕೇಳಿ ಪಡೆದು ರಿಮೋಟಿಗೆ ಕಟ್ಟಿ ತಮ್ಮ ಕೊರಳಿಗೆ ಹಾಕಿಕೊಂಡರು. ಒಂದು ಕೈ ಜೋಲಿಯ ಬೆನ್ನ ಹಿಡಿಗೆ, ಇನ್ನೊಂದು ಮೊಣಕಾಲಿನ ಮೇಲೆ. ಎತ್ತುವ ಮೊದಲು ಬಗ್ಗಿ ಆ ಗಂಡಸಿನ ಕಿವಿಯ ಹತ್ತಿರ, "ಏಳೋಣವಾ?" ಅಂದರು. ಅದನ್ನು ಎಷ್ಟು ಮೆತ್ತಗೆ ಅಂದರು ಅಂದರೆ, ನಾನು ಬಾಗಿಲ ಹತ್ತಿರವೇ ನಿಂತುಬಿಟ್ಟೆ.

ಬಸ್ ಸ್ಟಾಪಿನಲ್ಲಿ ಕೇಳಿದೆ. "ಇದೆಲ್ಲಾ ಯಾವ ಪುಟದಲ್ಲಿದೆ ಸಾರ್?"

"ಯಾವುದರಲ್ಲೂ ಇಲ್ಲ." ಬಸ್ಸು ಬರುವ ದಾರಿ ನೋಡುತ್ತಾ ಅಂದರು, "ಆರು ವರ್ಷ. ನಾನೊಬ್ಬನೇ. ಬೆಳಿಗ್ಗೆ ಆರೂವರೆಗೆ ಹೆಂಡತೀನ ಎತ್ತಿ, ಸ್ನಾನ ಮಾಡ್ಸಿ, ತಿನ್ಸಿ, ಮತ್ತೆ ಮಲಗಿಸಿ ಆಫೀಸಿಗೆ ಬರ್ತಿದ್ದೆ. ಮಧ್ಯಾಹ್ನಕ್ಕೆ ಒಬ್ಬ ಆಯಾ ಬಂದು ಹೋಗ್ತಿದ್ದಳು, ಅಷ್ಟೇ."

"ಇಬ್ಬರು ಅಂದ್ರೆ ಇಬ್ಬರು ಅಂತ ಬರ್ದೋರು ನೀವು."

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ." ನಗಲು ನೋಡಿದರು, ಆಗಲಿಲ್ಲ. "ಅವಳು ಆ ಪುಸ್ತಕ ಓದಿ ನಗ್ತಿದ್ದಳು. ಎರಡನೆಯೋರು ಎಲ್ರೀ, ಬಂದ್ರೆ ಕಾಫಿ ಕೊಡೋಣ ಅಂತ. ದಿನಾ ಬೆಳಿಗ್ಗೆ ಅದೇ ಜೋಕು. ಯಾರಿಗೂ ಹೇಳ್ಲಿಲ್ಲ ನಾನು. ಬರ್ದೋನೇ ತಪ್ಪು ಮಾಡ್ತಿದ್ದೀನಿ ಅಂತ ಹೇಗೆ ಹೇಳ್ಲಿ? ಹೇಳಿದ್ದಿದ್ರೆ ಯಾರಾದ್ರೂ ಬರ್ತಿದ್ದರೋ ಏನೋ."

ಬರುತ್ತಿದ್ದೆವೇ? ನಾನಂತೂ ಅವರಿಗೆ ಅಡ್ಡಹೆಸರು ಇಡುವುದರಲ್ಲಿ ಬಿಡುವಿಲ್ಲದೆ ಇದ್ದೆ. ಬಸ್ಸು ಬಂತು, ಹತ್ತಿದೆವು. ದಾರಿಯುದ್ದಕ್ಕೂ ನನಗೆ ಅವರ ಮುಖ ನೋಡಲು ಧೈರ್ಯ ಬರಲಿಲ್ಲ.

ಮರುದಿನ ಅವರು ಮ್ಯಾನೇಜರ್ ಮುಂದೆ ಮಡಚಿಟ್ಟಿದ್ದ ಆ ಕಾಗದ ಬಿಚ್ಚಿದರು. ಕಂಪನಿಯ ವಕೀಲರೂ ಬಂದು ಕೂತಿದ್ದರು. ಈ ಪ್ರಶ್ನೆ ಪುಟದಲ್ಲಿ ಇರಬೇಕು, ಎಲ್ಲಕ್ಕಿಂತ ಮೇಲೆ ಇರಬೇಕು ಅಂದರು ಪುಟ ಸಾರ್.

"ಸರಿ, ಹಾಕಿ" ಅಂದರು ವಕೀಲರು. "ಉತ್ತರ ಒಂದೇ ಪದ. ಬೇಡ. ನಿಮ್ಗೂ ನೇರ ಉತ್ತರ ತಾನೇ ಬೇಕಿದ್ದದ್ದು?"

"ಬೇಡ ಅಂದ್ರೆ ಅವ್ರು ಬಿಡೋದಿಲ್ಲ. ಹಾಸಿಗೇಲಿ ಒದ್ದೆ ಆಗಿರೋ ಮನುಷ್ಯನ್ನ ನೋಡ್ಕೊಂಡು ಯಾರೂ ಸುಮ್ನೆ ಕೂರೋದಿಲ್ಲ. ನಮ್ಮ ಪುಟ ಮುಚ್ಚಿಟ್ಟು ಎತ್ತುತ್ತಾರೆ. ನಾನು ಎತ್ತಿದ್ದೀನಿ."

ಅವರು ಎಲ್ಲವನ್ನೂ ಹೇಳಿದರು, ಮೊದಲ ಪದದಲ್ಲೇ ಉತ್ತರ ಬರುವ ಹಾಗೆ. ಆರು ವರ್ಷ, ಲೇಟ್ ಮಾರ್ಕು, ಕೊರಳಿಗೆ ಕಟ್ಟಿದ ರಿಮೋಟು. ಒಂದು ಸಲ ಜೋಲಿಯ ಒಂದು ಕುಣಿಕೆ ಸರಿಯಾಗಿ ಸಿಕ್ಕದೆ ಹೆಂಡತಿ ಪಕ್ಕಕ್ಕೆ ವಾಲಿ, ಹಿಡಿಯಲು ಎರಡನೆಯವರಿಲ್ಲದೆ, ಆಕೆಯ ತೋಳಿನ ಮೂಳೆ ಮುರಿದದ್ದು. "ಒಬ್ಬನೇ ಎತ್ತಿ ಅಂತ ಬರೀರಿ ಅಂತಿಲ್ಲ ನಾನು. ಅದು ತಪ್ಪು, ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಬೇಡ ಅಂದ ಮೇಲೆ ಇನ್ನೊಂದು ಸಾಲು ಬೇಕು ಅಂತಿದ್ದೀನಿ."

ಅರ್ಧ ದಿನ ಎಳೆದಾಡಿದರು. ಮಷೀನು ಮಾರಿದಾಗ ಮನೆಗೆ ಹೋಗಿ ತೋರಿಸಿಕೊಡುವ ಫಿಸಿಯೋಥೆರಪಿಸ್ಟ್ ಒಬ್ಬರು ನಮ್ಮಲ್ಲಿ ಇದ್ದಾರೆ. ಅವರನ್ನು ಎರಡನೇ ಸಲ ಕಳಿಸಲು ಮ್ಯಾನೇಜರ್ ಒಪ್ಪಿದರು. ಕೊನೆಗೆ ಉಳಿದದ್ದು ಇದು:

"ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಹೇಗೆ ಎತ್ತಲಿ?
ಇವತ್ತು ಎತ್ತಬೇಡಿ. ಈ ನಂಬರಿಗೆ ಕರೆ ಮಾಡಿ. ನಮ್ಮವರು ಮನೆಗೆ ಬಂದು ನೋಡಿ, ನಿಮ್ಮ ಮನೆಯಲ್ಲಿ ಒಬ್ಬರೇ ಎತ್ತಬಹುದೇ ಎಂದು ಹೇಳುತ್ತಾರೆ. ಅಲ್ಲಿಯವರೆಗೆ ಹಾಸಿಗೆಯಲ್ಲೇ ಹೊರಳಿಸಿ ಶುಚಿ ಮಾಡುವುದನ್ನು ಫೋನಿನಲ್ಲೇ ತಿಳಿಸಿಕೊಡುತ್ತೇವೆ."

ಕೊನೆಯ ಸಾಲು ವಕೀಲರಿಗೆ ಹಿಡಿಸಲಿಲ್ಲ. ಪುಟ ಸಾರ್ ಬಿಡಲಿಲ್ಲ. ಉಳಿದ ಮೂವತ್ತನ್ನೂ ಒಂದು ವಾರ ಕೂತು ಮತ್ತೆ ನೋಡಿದೆವು. ನಾನು ಅಳಿಸಿದ್ದ ಎಂಬತ್ತಮೂರು ಸಾಲನ್ನೂ ಹುಡುಕಿ, ಒಂದೊಂದು ಯಾವ ಪುಟಕ್ಕೆ ಕೈ ತೋರಿಸುತ್ತಿತ್ತೋ ಅಲ್ಲಿದ್ದ ಎಚ್ಚರಿಕೆಯನ್ನು ಉತ್ತರದೊಳಗೇ ತಂದಿಟ್ಟೆವು. ಒಂದು ಉತ್ತರ ಬಿಟ್ಟು ಇನ್ನೊಂದನ್ನು ಓದದವರಿಗೂ ಅದೊಂದೇ ಸಾಕಾಗಬೇಕು. ಕೆಲವು ಐವತ್ತು ಪದ ದಾಟಿದವು. ಮ್ಯಾನೇಜರ್ ಎಣಿಸಲಿಲ್ಲ.

ಆ ಹೆಂಗಸಿನ ಮನೆಗೆ ಫಿಸಿಯೋಥೆರಪಿಸ್ಟ್ ಹೋಗಿ ಬಂದರು. ಕೋಣೆ ಚಿಕ್ಕದು, ಒಬ್ಬರೇ ಎತ್ತುವುದು ಬೇಡ ಅಂದರು. ಈಗ ಪಕ್ಕದ ಮನೆಯವರು ಕೆಲಸಕ್ಕೆ ಹೋಗುವ ಮೊದಲು ಐದು ನಿಮಿಷ ಬರುತ್ತಾರಂತೆ. ಕೇಳಬೇಕು ಅಂತ ಇಷ್ಟು ದಿನ ನನಗೆ ಹೊಳೆದಿರಲಿಲ್ಲ ಅಂತ ಆಕೆ ಫೋನಿನಲ್ಲಿ ಅಂದರು.

ಪುಟದ ಹಿಂದೆ ಒಂದು ಲೆಕ್ಕ ಇರುತ್ತದೆ. ಯಾವ ಪ್ರಶ್ನೆಯನ್ನು ಎಷ್ಟು ಜನ, ಯಾವ ಹೊತ್ತಿಗೆ ತೆರೆದರು ಅನ್ನುವುದು. ತಿಂಗಳ ಕೊನೆಗೆ ನಾನು ತೆಗೆದು ನೋಡಿದೆ. ಮೇಲಿನ ಪ್ರಶ್ನೆಯೇ ಎಲ್ಲಕ್ಕಿಂತ ಮುಂದೆ. ಅದೂ ಬೆಳಿಗ್ಗೆ ಆರೂವರೆಯಿಂದ ಏಳರ ಒಳಗೆ ಹೆಚ್ಚು. ಆ ದಿನ ಬೆಳಿಗ್ಗೆಯೊಂದರಲ್ಲೇ ನಲವತ್ತೊಂದು. ಖುಷಿಯಿಂದ ಬೀರು ಸುತ್ತಿ ಅವರ ಮೇಜಿಗೆ ಓಡಿದೆ.

"ನೋಡಿ ಸಾರ್, ಆರೂವರೆಗೆ ನಲವತ್ತೊಂದು ಜನ! ಇಷ್ಟು ದಿನ ಇವರೆಲ್ಲ ಎಲ್ಲಿದ್ರು?"

ಅವರು ಹಾಳೆಯನ್ನು ನೋಡಿದರು. ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು.

"ನಲವತ್ತು" ಅಂದರು. "ಒಂದು ನಂದು. ಎಚ್ಚರ ಆಗುತ್ತೆ ಅಷ್ಟು ಹೊತ್ತಿಗೆ. ಮಷೀನು ಇನ್ನೂ ಮನೇಲೇ ಇದೆ. ಸುಮ್ನೆ ತೆಗೆದು ಓದ್ತೀನಿ."

ನಾನು ನನ್ನ ಡಬ್ಬಿ ತಂದು, ಕಿಟಕಿಯ ಕಡೆಗಿದ್ದ ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು ಕೂತೆ.